ಒಂದು ಚುಕ್ಕೆಗೆ ಒಂದು ಕೋಟಿ

ಸಿಡ್ನಿಯಲ್ಲಿ ನಾನು ನಾಲ್ಕು ವರ್ಷ ಹೆಪ್ಪು ಎಣಿಸಿದೆ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮುಗಿಸಿ, ಹುಬ್ಬಳ್ಳಿಯ ಸಾಫ್ಟ್‌ವೇರ್ ಎಂಜಿನಿಯರನ ಕೈಹಿಡಿದು ಆಸ್ಟ್ರೇಲಿಯಾಕ್ಕೆ ಬಂದವಳಿಗೆ ಮೊದಲ ವರ್ಷ ಸಿಕ್ಕಿದ್ದು ಸೂಪರ್ ಮಾರ್ಕೆಟ್ಟಿನಲ್ಲಿ ಚೀಸ್ ಕತ್ತರಿಸಿ ತೂಗಿ ಕೊಡುವ ಕೆಲಸ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಅರ್ಜಿಗೆ ಒಂದು ಲ್ಯಾಬಿನಿಂದ ಕರೆ ಬಂತು. ದೊಡ್ಡ ದೊಡ್ಡ ಡೇರಿಗಳಿಗೆ ಮೊಸರಿನ ಹೆಪ್ಪು ತಯಾರಿಸಿ ಮಾರುವ ಕಂಪನಿ ಅದು. ಎರಡು ಸಾವಿರದ ಇಸವಿ ದಾಟಿ ಆಗಷ್ಟೇ ಒಂದೆರಡು ವರ್ಷವಾಗಿತ್ತು.

ಅವ್ವನಿಗೆ ಇದನ್ನು ಫೋನಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ಒಂದು ಕಾಲಿಂಗ್ ಕಾರ್ಡೇ ಮುಗಿಯಿತು.

"ಹೆಪ್ಪಿನ್ಯಾಗ ಎಣಸೂದು ಏನೈತವಾ?"

"ಹೆಪ್ಪಿನ್ಯಾಗ ಜೀವ ಇರ್ತಾವಬೇ, ಕಣ್ಣಿಗೆ ಕಾಣಲಾರದಂಥಾವು. ಅವು ಎಷ್ಟು ಅದಾವ ಅಂತ ಎಣಸಬೇಕು. ಕಡಿಮಿ ಇದ್ರ ಮೊಸರು ಸರಿ ಹೆಪ್ಪಾಗೂದಿಲ್ಲ."

"ಎಷ್ಟಿರ್ತಾವ?"

"ಒಂದು ಸಣ್ಣ ಚಮಚಾದಾಗ ನೂರಾರು ಕೋಟಿ."

ಅದಕ್ಕೆ ಅವ್ವ, "ಅಷ್ಟು ಎಣಸೂದ್ರಾಗ ನಿನ್ನ ಕಣ್ಣು ಹೋದಾವು," ಎಂದಳು.

ಹಾಗೇ ಎಣಿಸಲು ಯಾರಿಗೂ ಸಾಧ್ಯವಿಲ್ಲ. ಅದಕ್ಕೇ ತೆಳುಮಾಡುತ್ತ ಹೋಗುತ್ತೇವೆ. ಸ್ಯಾಂಪಲಿನಿಂದ ಒಂದು ಮಿಲಿಲೀಟರ್ ತೆಗೆದು, ಒಂಬತ್ತು ಮಿಲಿಲೀಟರ್ ಶುದ್ಧ ಉಪ್ಪುನೀರಿಗೆ ಹಾಕಿ ಚೆನ್ನಾಗಿ ಕಲಸಬೇಕು. ಒಟ್ಟು ಹತ್ತು ಆಯಿತು, ದ್ರವ ಹತ್ತು ಪಟ್ಟು ತೆಳುವಾಯಿತು. ಅದರಿಂದ ಒಂದು ಮಿಲಿ ತೆಗೆದು ಮುಂದಿನ ಒಂಬತ್ತಕ್ಕೆ ಹಾಕಿದರೆ ನೂರು ಪಟ್ಟು. ಹೀಗೆ ಆರು ಸಲ ದಾಟಿಸಿದರೆ ಹತ್ತು ಲಕ್ಷ ಪಟ್ಟು. ಪ್ರತಿ ಸಲವೂ ದ್ರವ ಅಳೆದು ಹೀರುವ ಪಿಪೆಟ್ಟಿಗೆ ಹೊಸ ತುದಿ, ಪ್ರತಿ ಸಲವೂ ಅಷ್ಟೇ ಹೊತ್ತು ಅಲ್ಲಾಡಿಸುವುದು. ಕೊನೆಯದರಿಂದ ಒಂದು ಮಿಲಿಯ ಹತ್ತನೇ ಒಂದು ಪಾಲನ್ನು, ಪೋಷಕಾಂಶ ಬೆರೆಸಿ ಗಟ್ಟಿ ಮಾಡಿದ ಅಗರಿನ ತಟ್ಟೆಯ ಮೇಲೆ ಸವರಿ ಬೆಚ್ಚಗಿಡಬೇಕು. ಎರಡು ದಿನಕ್ಕೆ, ಒಂದೊಂದು ಜೀವ ಬಿದ್ದ ಕಡೆ ಒಂದೊಂದು ಬಿಳಿ ಚುಕ್ಕೆ ಎದ್ದಿರುತ್ತದೆ. ತಟ್ಟೆಯಲ್ಲಿ ಮೂವತ್ತರಿಂದ ಮುನ್ನೂರರೊಳಗೆ ಚುಕ್ಕೆಗಳಿದ್ದರೆ ಎಣಿಕೆಯನ್ನು ನಂಬಬಹುದು. ಹೆಚ್ಚಿದ್ದರೆ ಒಂದರ ಮೇಲೊಂದು ಬೆಳೆದು ಎಣಿಸಲು ಬರುವುದಿಲ್ಲ, ಕಡಿಮೆಯಿದ್ದರೆ ಅದು ಬರೀ ಅದೃಷ್ಟದ ಮಾತಾಗುತ್ತದೆ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು: ಹತ್ತು ಲಕ್ಷದಿಂದ ಗುಣಿಸು, ಸವರಿದ್ದು ಹತ್ತನೇ ಒಂದು ಪಾಲಾದ್ದರಿಂದ ಮತ್ತೆ ಹತ್ತರಿಂದ ಗುಣಿಸು. ಅಂದರೆ ತಟ್ಟೆಯ ಒಂದು ಚುಕ್ಕೆ, ಮೂಲ ಸ್ಯಾಂಪಲಿನ ಒಂದು ಮಿಲಿಯಲ್ಲಿ ಒಂದು ಕೋಟಿಗೆ ಸಮ. ನೂರೆಂಬತ್ತು ಚುಕ್ಕೆ ಎಂದರೆ ನೂರೆಂಬತ್ತು ಕೋಟಿ.

ನನ್ನ ಕೈ ಬಲು ಸ್ಥಿರ ಎಂದು ಸಿಡ್ನಿಯ ಲ್ಯಾಬಿನಲ್ಲಿ ಹೆಸರಾಗಿತ್ತು. ಒಂದೇ ಸ್ಯಾಂಪಲಿನ ಮೂರು ತಟ್ಟೆಗಳಲ್ಲಿ ನನ್ನ ಎಣಿಕೆ ಹತ್ತಿರ ಹತ್ತಿರವೇ ಬರುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು. ನಾಲ್ಕನೆಯ ವರ್ಷ ಬೆಂಗಳೂರಿನಿಂದ ಓದಲು ಬಂದು, ಕೋರ್ಸ್ ಮುಗಿಸಿ, ಪಿಆರ್‌ಗೆ, ಅಂದರೆ ಖಾಯಂ ವಾಸದ ಪರವಾನಗಿಗೆ, ಕಾಯುತ್ತಿದ್ದ ಹುಡುಗಿಯೊಬ್ಬಳು ಸೇರಿದಳು. ಅವಳಿಗೆ ಕೆಲಸ ಕಲಿಸಿದ್ದು ನಾನು. ಅವಳು ಮೊದಮೊದಲು ಅವಸರದಲ್ಲಿ ಪಿಪೆಟ್ಟಿನ ಗುಂಡಿಯನ್ನು ಫಟ್ಟನೆ ಬಿಟ್ಟುಬಿಡುತ್ತಿದ್ದಳು. ಒಳಗೆ ಗುಳ್ಳೆ ಸೇರುತ್ತಿತ್ತು. "ನಿಧಾನ ಬಿಡವಾ, ಅದೇನ್ ಓಡಿ ಹೋಗೂದಿಲ್ಲ," ಎಂದು ದಿನಕ್ಕೆ ಹತ್ತು ಸಲ ಹೇಳಿರಬೇಕು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಗಂಡನಿಗೆ ಮೆಲ್ಬರ್ನಿನಲ್ಲಿ ಹೊಸ ಕೆಲಸ ಸಿಕ್ಕಿತು. ಬಾಕ್ಸ್ ಹಿಲ್‌ನಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಂದು ಯೂನಿಟ್, ಅಂದರೆ ಸಣ್ಣ ಫ್ಲಾಟು, ರೆಂಟಿಗೆ ಹಿಡಿದೆವು. ನಮ್ಮ ಕಂಪನಿಯದೂ ಮೆಲ್ಬರ್ನಿನಲ್ಲೊಂದು ಕಾರ್ಖಾನೆ ಇತ್ತು, ಅಲ್ಲೊಂದು ಸಣ್ಣ ಲ್ಯಾಬು. ಅಲ್ಲಿ ಎಣಿಸುತ್ತಿದ್ದವನು ಬಿಟ್ಟು ಹೋಗಿದ್ದ. ಸಿಡ್ನಿಯವರು ನನ್ನ ಹೆಸರು ಹೇಳಿದ್ದರಿಂದ ಆರು ತಿಂಗಳ ಕಾಂಟ್ರಾಕ್ಟ್ ಮೇಲೆ ಆ ಜಾಗ ನನಗೆ ಬಂತು.

ಆ ಲ್ಯಾಬಿನಲ್ಲಿ ನಾವು ಮೂರೇ ಜನ. ಮ್ಯಾನೇಜರ್ ಐವತ್ತರ ಆಸುಪಾಸಿನ ಆಸ್ಟ್ರೇಲಿಯನ್, ಕಡಿಮೆ ಮಾತಿನವನು. ಹಿಂದಿನ ಕೋಣೆಯಲ್ಲಿ ಅಗರ್ ತಟ್ಟೆ, ಉಪ್ಪುನೀರಿನ ಬಾಟಲಿಗಳನ್ನು ತಯಾರಿಸಿ, ಆಟೋಕ್ಲೇವಿನ ಆವಿಯಲ್ಲಿ ಕಾಯಿಸಿ ಕ್ರಿಮಿಶುದ್ಧ ಮಾಡಿ ಕೊಡುತ್ತಿದ್ದವರು ಗ್ರೀಸಿನಿಂದ ವಲಸೆ ಬಂದ ಒಬ್ಬ ಹಿರಿಯ ಹೆಂಗಸು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕೋಣೆಯಲ್ಲಿದ್ದವರು. ಮೂರನೆಯವಳು ನಾನು.

ಇಲ್ಲಿ ತೆಳುಮಾಡುವ ಪದ್ಧತಿ ಬೇರೆ ಇತ್ತು. ಒಂದು ಮಿಲಿಯ ಬದಲು ಅದರ ಹತ್ತನೇ ಒಂದು ಪಾಲನ್ನು ಮಾತ್ರ ತೆಗೆದು ಬಾಟಲಿಗೆ ಹಾಕುತ್ತಿದ್ದರು. ಒಂದು ಸಲಕ್ಕೆ ನೂರು ಪಟ್ಟು. ಮೂರೇ ಸಲಕ್ಕೆ ಹತ್ತು ಲಕ್ಷ. ನನಗೆ ಅದು ಹಿಡಿಸಲಿಲ್ಲ. ಅಷ್ಟು ಸಣ್ಣ ಹನಿಯಲ್ಲಿ ತುದಿಗೆ ಅಂಟಿಕೊಂಡಿದ್ದೂ ಲೆಕ್ಕ ಕೆಡಿಸುತ್ತದೆ ಎಂಬುದು ನನ್ನ ಅಂಬೋಣ. ಎರಡನೆಯ ವಾರವೇ ಮ್ಯಾನೇಜರನ ಹತ್ತಿರ ಹೋಗಿ, "ಸಿಡ್ನಿಯಲ್ಲಿ ಮಾಡುವ ಹಾಗೆ ಒಂದು ಮಿಲಿ ತೆಗೆದು ಆರು ಸಲ ಮಾಡುತ್ತೇನೆ, ಅದು ಹೆಚ್ಚು ನಿಖರ," ಎಂದೆ. ಆತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ನಿನಗೆ ಗೊತ್ತಿರುವ ಹಾಗೆ ಮಾಡು," ಎಂದ.

ಹಾಗೆ ಎಣಿಸಿದ ಮೊದಲ ಬ್ಯಾಚೇ ತೊಂಬತ್ತಾರು ಕೋಟಿ ಬಂತು. ನಮ್ಮಲ್ಲಿ ಒಂದು ಮಿಲಿಗೆ ನೂರೈವತ್ತು ಕೋಟಿಗಿಂತ ಕಡಿಮೆ ಇದ್ದದ್ದು ಹೊರಗೆ ಹೋಗುವ ಹಾಗಿರಲಿಲ್ಲ. ಎರಡನೆಯ ಸಲ ಎಣಿಸಿದೆ, ತೊಂಬತ್ತೆಂಟು. ನಾನು ಸಹಿ ಹಾಕಿದೆ. ಆ ಬ್ಯಾಚನ್ನು ಪೂರ್ತಿ ಚೆಲ್ಲಿದರು.

ಅದರ ಮುಂದಿನದೂ ನೂರು ಕೋಟಿ ಬಂದಾಗ ಕಾರ್ಖಾನೆಯವರು ಸುಮ್ಮನಿರಲಿಲ್ಲ. ಅವರು ಅದೇ ಹೆಪ್ಪನ್ನು ಹಾಲಿಗೆ ಹಾಕಿ ನೋಡಿದ್ದರು. ಎಷ್ಟು ಹೊತ್ತಿಗೆ ಹೆಪ್ಪಾಗಬೇಕೋ ಅಷ್ಟೇ ಹೊತ್ತಿಗೆ ಹಾಲು ಹೆಪ್ಪಾಗಿತ್ತು. "ಜೀವಗಳು ಅರ್ಧಕ್ಕರ್ಧ ಕಡಿಮೆಯಿದ್ದರೆ ಇದು ಹೇಗೆ ಸಾಧ್ಯ?" ಎಂದು ಕೇಳಿದರು. ಮ್ಯಾನೇಜರ್ ಆ ಬ್ಯಾಚನ್ನೂ ಮುಂದೆ ಬಂದವುಗಳನ್ನೂ ತಡೆಹಿಡಿದು, ಆ ಬ್ಯಾಚಿನದ್ದೇ ಮಂಜುಗಟ್ಟಿಸಿದ ಸೀಸೆಗಳನ್ನು ಡ್ರೈ ಐಸಿನಲ್ಲಿಟ್ಟು ಸಿಡ್ನಿಗೆ ಕಳಿಸಿದ. ಜೊತೆಗೆ ನಾವು ಮಾಡುತ್ತಿದ್ದ ಒಂದು ಯೀಸ್ಟಿನ ಸೀಸೆಗಳನ್ನೂ ಹಾಕಿದ. ಅದು ಬ್ಯಾಕ್ಟೀರಿಯಾದಷ್ಟು ದಟ್ಟವಲ್ಲ, ಮೂರು ಸಲ ತೆಳುಮಾಡಿದರೆ ಸಾಕಾಗುತ್ತಿತ್ತು. ಇಲ್ಲಿ ನಾನು ಎಣಿಸುವುದು, ಅಲ್ಲಿ ಆ ಹುಡುಗಿ ಎಣಿಸುವುದು.

ನಾಲ್ಕು ದಿನಕ್ಕೆ ಫ್ಯಾಕ್ಸ್ ಬಂತು. ಬ್ಯಾಕ್ಟೀರಿಯಾ: ನನ್ನದು ನೂರು ಕೋಟಿ, ಅವಳದ್ದು ನೂರೆಂಬತ್ತು.

ಮ್ಯಾನೇಜರ್ ಕಾಗದವನ್ನು ನನ್ನ ಮುಂದಿಟ್ಟ. "ನಿನಗಿಂತ ಮುಂಚೆ ಇದ್ದವನ ಎಣಿಕೆ ಸಿಡ್ನಿಯ ಜೊತೆ ಯಾವಾಗಲೂ ಹೊಂದುತ್ತಿತ್ತು. ಈಗ ಪದ್ಧತಿಯೂ ಸಿಡ್ನಿಯದೇ, ಬದಲಾಗಿರುವುದು ಕೈ ಒಂದೇ. ಇನ್ನೆರಡು ಸುತ್ತು ನೋಡೋಣ. ಹೊಂದದಿದ್ದರೆ ಎಣಿಕೆಯೆಲ್ಲ ಸಿಡ್ನಿಗೇ ಹೋಗುತ್ತದೆ, ನಿನ್ನ ಕಾಂಟ್ರಾಕ್ಟ್ ಇಲ್ಲಿಗೆ ಮುಗಿಸಬೇಕಾಗುತ್ತದೆ." ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸುತ್ತಮುತ್ತ ಯಾರೂ ಇಲ್ಲದಾಗ ನಾನು ಸಿಡ್ನಿಯ ಆ ಹುಡುಗಿಗೆ ಫೋನ್ ಮಾಡಿದೆ.

"ನೀ ಸರಿಯಾಗಿ ಅಲ್ಲಾಡಸ್ತೀಯೇನ? ತುದಿ ಬದಲಸ್ತೀಯೇನ ಪ್ರತಿ ಸಲ?" ಹಳೆಯ ತುದಿಯನ್ನೇ ಬಳಸಿದರೆ ಅದಕ್ಕಂಟಿದ ಜೀವಗಳೂ ಮುಂದಕ್ಕೆ ಹೋಗಿ ಎಣಿಕೆ ಹೆಚ್ಚಾಗುತ್ತದೆ. ನನ್ನ ಪ್ರಶ್ನೆಯ ಹಿಂದಿದ್ದ ಅನುಮಾನ ಅವಳಿಗೆ ಅರ್ಥವಾಯಿತು.

"ಅಕ್ಕ, ಪ್ರಾಮಿಸ್, ಎಲ್ಲಾ ನೀವು ಹೇಳ್ಕೊಟ್ಟ ಥರಾನೇ ಮಾಡಿದೀನಿ. ತ್ರೀ ಪ್ಲೇಟ್ಸ್ ಹಾಕಿದ್ದೆ, ಮೂರರಲ್ಲೂ ಒನ್ ಸೆವೆಂಟಿ ಮೇಲೇ ಇತ್ತು."

"ಎಣಸೂದು? ಅಗರಿನ್ಯಾಗಿನ ಗುಳ್ಳಿನೂ ಚುಕ್ಕಿ ಅಂತ ಎಣಸಿರಬಹುದಲ್ಲ?"

ಅವಳು ಸಣ್ಣ ದನಿಯಲ್ಲಿ, "ಬೇಕಿದ್ರೆ ಪ್ಲೇಟ್ಸ್ ಫೋಟೋ ತೆಗೆದು ಕಳಿಸ್ತೀನಿ ಅಕ್ಕ," ಎಂದಳು. ನಾನು ಕಳಿಸು ಎಂದೆ. ಕಳಿಸಿದಳು. ಮೂರು ತಟ್ಟೆಗಳನ್ನೂ ಪರದೆಯ ಮೇಲೆ ಪೆನ್ನಿನ ತುದಿಯಿಟ್ಟು ಎಣಿಸಿದೆ. ಅವಳು ಹೇಳಿದ್ದು ಸರಿ ಇತ್ತು.

ಇನ್ನು ಉಳಿದಿದ್ದು ನಾನೇ. ಸೋತು ಮನೆಗೆ ಹೋಗುವುದಕ್ಕೆ ನನಗೆ ಮನಸ್ಸಿರಲಿಲ್ಲ. ತಪ್ಪು ನನ್ನ ಕೈಯಲ್ಲಿದ್ದರೆ ಅದು ಯಾವ ಬೆರಳಿನಲ್ಲಿದೆ ಎಂದು ತಿಳಿಯದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಮೊದಲು ಪಿಪೆಟ್ಟು. ತಕ್ಕಡಿಯ ಮೇಲೆ ಪುಟ್ಟ ಬಟ್ಟಲಿಟ್ಟು ಒಂದು ಮಿಲಿ ನೀರು ಬಿಟ್ಟರೆ ಒಂದು ಗ್ರಾಂ ತೂಗಬೇಕು. ಇಪ್ಪತ್ತು ಸಲ ಬಿಟ್ಟು ತೂಗಿದೆ. ಒಂದು ಗ್ರಾಮಿನಿಂದ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ತಟ್ಟೆಗೆ ಹಾಕುವ ಸಣ್ಣ ಪಿಪೆಟ್ಟೂ ಸರಿಯಾಗಿತ್ತು. ಕಲಸುವುದು ಸಾಲದೇನೋ ಎಂದು ಎರಡರಷ್ಟು ಹೊತ್ತು ಅಲ್ಲಾಡಿಸಿ ನೋಡಿದೆ, ಎಣಿಕೆ ಬದಲಾಗಲಿಲ್ಲ. ಬೆಚ್ಚಗಿಡುವ ಪೆಟ್ಟಿಗೆಯ ಶಾಖ ಸರಿಯಿತ್ತು. ಸಿಡ್ನಿಯಿಂದ ಅಗರ್ ತಟ್ಟೆಗಳನ್ನು ತರಿಸಿ ನಮ್ಮವುಗಳ ಪಕ್ಕದಲ್ಲಿಟ್ಟು ಬೆಳೆಸಿದೆ. ಎರಡರಲ್ಲೂ ಒಂದೇ ಎಣಿಕೆ. ಹಿಂದಿನ ಕೋಣೆಯ ಹಿರಿಯಾಕೆಯನ್ನು ಕರೆದು, ನನ್ನ ಸಂಖ್ಯೆ ಹೇಳದೆ ಅವರಿಗೆ ಎಣಿಸಲು ಹೇಳಿದೆ. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗ್ರೀಕಿನಲ್ಲಿ ಗುಣುಗುಣು ಎಣಿಸಿ, "ನೂರ ಒಂದು," ಎಂದರು. ನನ್ನದು ನೂರ ಎರಡಿತ್ತು. "ನಿನ್ನ ಕಣ್ಣಿಗೇನೂ ಆಗಿಲ್ಲ ಮಗಳೇ," ಎಂದು ಬೆನ್ನು ತಟ್ಟಿದರು.

ಎರಡನೆಯ ಸುತ್ತೂ ಹಾಗೇ ಆಯಿತು. ಮೂರನೆಯದೂ. ಮೂರು ಫ್ಯಾಕ್ಸ್‌ಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಶುಕ್ರವಾರ ಮನೆಗೆ ಬಂದೆ. ಸೋಮವಾರ ಮಾತಾಡೋಣ ಎಂದು ಮ್ಯಾನೇಜರ್ ಹೇಳಿದ್ದ.

ಭಾನುವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಅವನ್ನೆಲ್ಲ ಹರವಿಕೊಂಡು ಕೂತೆ. ಅಷ್ಟು ದಿನ ನಾನು ಬ್ಯಾಕ್ಟೀರಿಯಾದ ಸಾಲನ್ನೇ ನೋಡುತ್ತಿದ್ದೆ, ಯಾಕೆಂದರೆ ಜಗಳ ಅದರದ್ದಿತ್ತು. ಯೀಸ್ಟಿನ ಸಾಲೂ ಅಲ್ಲೇ ಕೆಳಗಿತ್ತು. ಅದರಲ್ಲೂ ನನ್ನದು ಕಡಿಮೆ, ಆದರೆ ಅಷ್ಟು ಕಡಿಮೆ ಅಲ್ಲ. ಮೂರು ಸುತ್ತಿನ ಸರಾಸರಿ ತೆಗೆದೆ. ಬ್ಯಾಕ್ಟೀರಿಯಾದಲ್ಲಿ ಸಿಡ್ನಿಯದು ನನ್ನದರ ಒಂದು ಪಾಯಿಂಟ್ ಎಪ್ಪತ್ತೇಳು ಪಟ್ಟು. ಯೀಸ್ಟಿನಲ್ಲಿ ಒಂದು ಪಾಯಿಂಟ್ ಮೂವತ್ತಮೂರು.

ಗಂಡ ಚಹಾ ತಂದಿಟ್ಟ. ನನ್ನ ಮುಖ ನೋಡಿ ಎದುರಿಗೇ ಕೂತ.

"ನನ್ನ ಕೈ ಕೆಟ್ಟಿತ್ತು ಅಂದ್ರ ಎರಡರಾಗೂ ಒಂದ ಸಮ ಕೆಡಬೇಕಿತ್ತರೀ," ಎಂದೆ. "ಇದು ಯಾಕ ಬ್ಯಾರೆ ಬ್ಯಾರೆ ಐತಿ?"

"ಎರಡೂ ಮಾಡೂದು ಒಂದ ಥರಾನ ಏನು?"

"ಒಂದ ಥರಾನ. ಯೀಸ್ಟ್ ಮೂರು ಸಲ ದಾಟಸ್ತೀನಿ, ಇದನ್ನ ಆರು ಸಲ."

ಆತ ನನ್ನ ಕ್ಯಾಲ್ಕುಲೇಟರನ್ನು ಎಳೆದುಕೊಂಡ. "ಮೂರು ಸಲಕ್ಕ ಒಂದು ಪಾಯಿಂಟ್ ಮೂವತ್ತಮೂರು. ಮತ್ತ ಮೂರು ಸಲಕ್ಕ ಅಷ್ಟ. ಅದನ್ನ ಅದರಿಂದನ ಗುಣಸಿದ್ರ…" ಗುಂಡಿ ಒತ್ತಿ ನನ್ನ ಕಡೆಗೆ ತಿರುಗಿಸಿದ. ಒಂದು ಪಾಯಿಂಟ್ ಏಳು ಆರು ಒಂಬತ್ತು.

"ಪ್ರತಿ ಸ್ಟೆಪ್ಪಿನ್ಯಾಗೂ ಅಷ್ಟಷ್ಟ ಸೋರಾಕತ್ತೈತಿ ನೋಡು," ಎಂದ.

ಪ್ರತಿ ಹೆಜ್ಜೆಗೆ ಎಷ್ಟು? ಒಂದು ಪಾಯಿಂಟ್ ಒಂದನ್ನು ಮೂರು ಸಲ ಗುಣಿಸಿದೆ: ಒಂದು ಪಾಯಿಂಟ್ ಮೂರು ಮೂರು ಒಂದು. ಆರು ಸಲ ಗುಣಿಸಿದೆ: ಒಂದು ಪಾಯಿಂಟ್ ಏಳು ಏಳು. ಚಹಾ ಆರಿತು. ನಾನು ಹತ್ತು ಪಟ್ಟು ತೆಳುಮಾಡುತ್ತಿದ್ದೇನೆ ಅಂದುಕೊಂಡಾಗಲೆಲ್ಲ ಹನ್ನೊಂದು ಪಟ್ಟು ತೆಳುವಾಗುತ್ತಿತ್ತು. ಒಂದು ಮಿಲಿ ಸರಿಯಾಗೇ ಇತ್ತು, ಅದನ್ನು ತೂಗಿ ನೋಡಿದ್ದೆ. ಹಾಗಾದರೆ ಬಾಟಲಿಯಲ್ಲಿ ಒಂಬತ್ತಿಲ್ಲ, ಹತ್ತಿದೆ. ಎಲ್ಲವನ್ನೂ ತೂಗಿದವಳು ಅದೊಂದನ್ನು ತೂಗಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ಒಂದು ಬಾಟಲಿಯನ್ನು ತಕ್ಕಡಿಯ ಮೇಲಿಟ್ಟೆ, ಬರೆದುಕೊಂಡೆ, ನೀರು ಚೆಲ್ಲಿ ಒರೆಸಿ ಒಣಗಿಸಿ ಮತ್ತೆ ಇಟ್ಟೆ. ಹತ್ತು ಗ್ರಾಂ. ಇನ್ನೊಂದು, ಮತ್ತೊಂದು. ಹತ್ತು, ಹತ್ತು. ಸಿಡ್ನಿಯಲ್ಲಿ ಸಪೂರ ನಳಿಗೆಗಳಿದ್ದವು. ಇಲ್ಲಿ ಅಗಲ ಬುಡದ, ಗೆರೆಯಿಲ್ಲದ ಬಾಟಲಿ. ಕಣ್ಣಳತೆಯಲ್ಲಿ ಒಂಬತ್ತಕ್ಕೂ ಹತ್ತಕ್ಕೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ.

ಹಿರಿಯಾಕೆ ಕೋಟು ತೆಗೆದಿಡುವುದರೊಳಗೆ ಅವರ ಬಾಗಿಲಲ್ಲಿ ನಿಂತಿದ್ದೆ. "ಬಾಟಲಿಗೆ ಎಷ್ಟು ತುಂಬುತ್ತೀರಿ?"

"ಹತ್ತು ಪಾಯಿಂಟ್ ಎರಡು," ಎಂದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಆವಿಯಲ್ಲಿ ಕಾಯಿಸುವಾಗ ಸ್ವಲ್ಪ ಹಾರಿಹೋಗುತ್ತದೆ. ಹೊರಗೆ ಬಂದಾಗ ಸರಿಯಾಗಿ ಹತ್ತು ಇರಬೇಕು." ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಳೆಯೊಂದನ್ನು ತೋರಿಸಿದರು. ಅದರಲ್ಲಿ ಹತ್ತು ಎಂದೇ ಇತ್ತು. ಹಳಬರು ಬರೆದದ್ದು. ಹಾರಿಹೋಗುವ ಪಾಯಿಂಟ್ ಎರಡನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅವರೇ ಗಮನಿಸಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು.

ಆ ಹಾಳೆಯ ಮುಂದೆ ನಿಂತಾಗ ನನಗೆ ಪೂರ್ತಿ ಅರ್ಥವಾಯಿತು. ಹಿಂದಿನವನು ಹತ್ತಕ್ಕೆ ಹಾಕುತ್ತಿದ್ದದ್ದು ಒಂದು ಮಿಲಿಯ ಹತ್ತನೇ ಒಂದು ಪಾಲು. ನೂರರ ಬದಲು ನೂರ ಒಂದು ಪಟ್ಟು ತೆಳುವಾಗುತ್ತಿತ್ತು, ಅಷ್ಟೇ. ಮೂರು ಸಲಕ್ಕೆ ನೂರರಲ್ಲಿ ಮೂರರಷ್ಟು ತಪ್ಪು. ತಟ್ಟೆಯಿಂದ ತಟ್ಟೆಗೆ ಬರುವ ಏರಿಳಿತವೇ ಅದಕ್ಕಿಂತ ಹೆಚ್ಚು. ಆತನ ಪದ್ಧತಿಗೆ ಆ ಬಾಟಲಿ ಸರಿಯಾಗಿತ್ತು. ನಾನು ಬಂದು ಪದ್ಧತಿ ಬದಲಿಸಿದೆ, ಬಾಟಲಿಯಲ್ಲಿ ಎಷ್ಟಿದೆ ಎಂದು ಕೇಳಲಿಲ್ಲ. ಹೆಚ್ಚು ನಿಖರ ಎಂದು ಹೇಳಿ ಬದಲಿಸಿದವಳು ನಾನೇ.

ಮ್ಯಾನೇಜರನಿಗೆ ಮೂರು ತೂಕಗಳನ್ನು, ಎರಡು ಅನುಪಾತಗಳನ್ನು ತೋರಿಸಿದೆ. ಆತ ಓದಿದ, ಮತ್ತೊಮ್ಮೆ ಓದಿದ. "ಹಾಗಾದರೆ ಇದು ಹಿಂದಿನ ಕೋಣೆಯ ತಪ್ಪು," ಎಂದು ಎದ್ದು ನಿಂತ. "ಅವರಿಗೆ ವಯಸ್ಸಾಯಿತು. ನಾನು ಮಾತಾಡುತ್ತೇನೆ."

ಆಗ ಸುಮ್ಮನಿದ್ದರೆ ನನ್ನ ಮೇಲೆ ಏನೂ ಬರುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಆತ ಬಾಗಿಲ ತನಕ ನಡೆಯುವಷ್ಟು ಹೊತ್ತು ಇತ್ತು ಕೂಡ.

"ಅವರದ್ದಲ್ಲ," ಎಂದೆ. "ಹಾಳೆಯಲ್ಲಿ ಹತ್ತು ಎಂದಿದೆ, ಅವರು ಹತ್ತೇ ಕೊಟ್ಟಿದ್ದಾರೆ, ಅದೂ ಹನಿ ತಪ್ಪದ ಹಾಗೆ. ಒಂದು ಮಿಲಿಯ ಪದ್ಧತಿಗೆ ಒಂಬತ್ತು ಬೇಕಾಗಿತ್ತು. ಪದ್ಧತಿ ಬದಲಿಸಿದ್ದು ನಾನು. ಅವರಿಗೆ ಹೇಳದೆ, ಬಾಟಲಿ ನೋಡದೆ ಬದಲಿಸಿದೆ. ಚೆಲ್ಲಿದ ಬ್ಯಾಚು ಕೂಡ ಒಳ್ಳೆಯದೇ ಇತ್ತು. ತೊಂಬತ್ತಾರಲ್ಲ, ಸುಮಾರು ನೂರ ಎಪ್ಪತ್ತು."

ಆತ ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕೂತ. ಆಮೇಲೆ, "ನಿನಗೆ ಗೊತ್ತಿರುವ ಹಾಗೆ ಮಾಡು ಅಂದವನು ನಾನು," ಎಂದು ತನಗೇ ಹೇಳಿಕೊಂಡಂತೆ ಹೇಳಿದ. "ಸರಿ. ಕಾಗದದ ಮೇಲಿನ ಲೆಕ್ಕ ಚೆನ್ನಾಗಿದೆ. ತಟ್ಟೆಯ ಮೇಲೆ ತೋರಿಸು."

ಅವತ್ತೇ ಒಂದು ಸೀಸೆ ಕರಗಿಸಿ ಎರಡು ಸಾಲು ಮಾಡಿದೆ. ಒಂದು ಸಾಲಿಗೆ ಬಾಟಲಿಗಳು ಇದ್ದ ಹಾಗೇ. ಇನ್ನೊಂದು ಸಾಲಿನ ಪ್ರತಿ ಬಾಟಲಿಯಿಂದ, ಬರ್ನರ್ ಜ್ವಾಲೆಯ ಪಕ್ಕದಲ್ಲಿ, ಶುದ್ಧ ಪಿಪೆಟ್ಟಿನಿಂದ ಒಂದು ಮಿಲಿ ಮೊದಲೇ ತೆಗೆದು ಒಂಬತ್ತು ಮಾಡಿಕೊಂಡೆ. ಒಂದೇ ಸ್ಯಾಂಪಲು, ಒಂದೇ ಪಿಪೆಟ್ಟು, ಒಂದೇ ಕೈ. ಪ್ರತಿ ಸಾಲಿಗೆ ಮೂರಲ್ಲ, ಆರು ತಟ್ಟೆ ಹಾಕಿದೆ. ತಟ್ಟೆಗಳ ಮೇಲೆ ಗುರುತಿನ ಸಂಖ್ಯೆ ಬರೆದು ಯಾವ ಸಾಲಿನದ್ದು ಯಾವುದು ಎಂಬ ಪಟ್ಟಿಯನ್ನು ಮ್ಯಾನೇಜರನಿಗೆ ಕೊಟ್ಟೆ. ನಾನು ಎಣಿಸುವುದು ಬೇಡವೆಂದು ಹಿರಿಯಾಕೆಯೇ ಎಣಿಸುವ ಏರ್ಪಾಡು ಮಾಡಿದೆ. ನಡುವಿನ ದಿನ ಅವರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರಿಗೆ ಸಿಟ್ಟು ಬಂದಿತ್ತು. "ಎರಡು ತಿಂಗಳು ನನ್ನ ಬಾಟಲಿ ಬಳಸಿದೆ, ಒಮ್ಮೆ ಈ ಬಾಗಿಲಿಗೆ ಬಂದು ಕೇಳಲು ಆಗಲಿಲ್ಲವೇ?" ಎಂದರು.

ಬುಧವಾರ ಅವರು ಎಣಿಸಿದರು. ಮ್ಯಾನೇಜರ್ ಪಟ್ಟಿ ತೆಗೆದು ಬೇರ್ಪಡಿಸಿದ. ಹತ್ತರ ಸಾಲಿನ ಸರಾಸರಿ ತೊಂಬತ್ತೊಂಬತ್ತು. ಒಂಬತ್ತರ ಸಾಲಿನದು ನೂರ ಎಪ್ಪತ್ತಾರು. ಹಿರಿಯಾಕೆ ಎರಡೂ ಸಂಖ್ಯೆಗಳನ್ನು ನೋಡಿ, "ಒಂದು ಮಿಲಿಗೆ ಇಷ್ಟೆಲ್ಲ!" ಎಂದು ಮೊದಲ ಸಲ ನಕ್ಕರು.

ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ಹಿಂದಿನ ಏಳು ವಾರಗಳ ಎಣಿಕೆಯನ್ನೆಲ್ಲ ರದ್ದು ಮಾಡುವುದೇ ಸುರಕ್ಷಿತ ಎಂದು ಮ್ಯಾನೇಜರ್ ಹೇಳಿದ. ನಾನು ಒಪ್ಪಲಿಲ್ಲ. ತಪ್ಪು ಎಷ್ಟೆಂದು ಗೊತ್ತಿಲ್ಲದಿದ್ದರೆ ರದ್ದು ಮಾಡಬೇಕು. ಇದು ಎಷ್ಟೆಂದು ಗೊತ್ತಿದೆ. ಆರು ಸಲ ದಾಟಿಸಿದ್ದರೆ ಹತ್ತು ಲಕ್ಷದ ಬದಲು ಹನ್ನೊಂದನ್ನು ಆರು ಸಲ ಗುಣಿಸಿದ್ದು, ಅಂದರೆ ಹದಿನೇಳು ಲಕ್ಷ ಎಪ್ಪತ್ತೊಂದು ಸಾವಿರ ಚಿಲ್ಲರೆ. ಮೂರು ಸಲವಾದರೆ ಸಾವಿರದ ಬದಲು ಸಾವಿರದ ಮುನ್ನೂರ ಮೂವತ್ತೊಂದು. ತಟ್ಟೆಯ ಮೇಲಿನ ಚುಕ್ಕೆಗಳು ಸುಳ್ಳು ಹೇಳಿರಲಿಲ್ಲ, ಹಿಂದಕ್ಕೆ ಬರುವ ದಾರಿಯನ್ನಷ್ಟೇ ನಾನು ತಪ್ಪು ಅಳೆದಿದ್ದೆ.

"ಆ ವಾರಗಳ ಬಾಟಲಿಗಳಲ್ಲೆಲ್ಲ ಹತ್ತೇ ಇತ್ತು ಎಂದು ಯಾರು ಹೇಳುತ್ತಾರೆ?" ಎಂದು ಆತ ಕೇಳಿದ. ನ್ಯಾಯವಾದ ಪ್ರಶ್ನೆ.

ಅದಕ್ಕೆ ಉತ್ತರ ಕೊಟ್ಟವರು ಹಿರಿಯಾಕೆ. ವಾರಕ್ಕೊಮ್ಮೆ ಬಾಟಲಿ ತುಂಬಿದಾಗ ಅದರಲ್ಲಿ ಎರಡನ್ನು, ಶುದ್ಧವಾಗಿ ಉಳಿಯುತ್ತವೆಯೇ ಎಂದು ನೋಡಲು, ಬಿಗಿ ಮುಚ್ಚಳ ಹಾಕಿ ಕಪಾಟಿನಲ್ಲಿಡುತ್ತಿದ್ದರು. ಏಳು ವಾರಗಳ ಹದಿನಾಲ್ಕು ಬಾಟಲಿಗಳನ್ನು ತಂದು ತಕ್ಕಡಿಯ ಪಕ್ಕ ಸಾಲಾಗಿ ಇಟ್ಟರು. ಅವರು ಒಂದೊಂದೇ ಎತ್ತಿ ಕೊಟ್ಟರು, ನಾನು ತೂಗಿದೆ, ಮ್ಯಾನೇಜರ್ ಬರೆದುಕೊಂಡ. ಹದಿನಾಲ್ಕರಲ್ಲಿ ಒಂದೂ ಹತ್ತರಿಂದ ಕದಲಿರಲಿಲ್ಲ. ಆತ ಪೆನ್ನು ಮುಚ್ಚಿ ಆಕೆಯ ಕಡೆ ನೋಡಿ ತಲೆ ಬಾಗಿಸಿದ.

ಎರಡು ದಿನ ಕೂತು ನೋಟ್‌ಬುಕ್ಕಿನ ಪ್ರತಿ ಸಾಲನ್ನೂ ಮತ್ತೆ ಲೆಕ್ಕ ಮಾಡಿದೆ. ಹಳೆಯ ಸಂಖ್ಯೆಯನ್ನು ಅಳಿಸುವ ಹಾಗಿರಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಕಾರಣ ಬರೆದು, ಸಹಿ ಹಾಕಬೇಕು. ಚೆಲ್ಲಿದ ಬ್ಯಾಚಿನ ಸಾಲಿಗೆ ಬಂದಾಗ ನೂರ ಎಪ್ಪತ್ತು ಎಂದು ಬರೆಯಲು ಕೈ ಬರಲಿಲ್ಲ. ಉಳಿದ ಸಾಲುಗಳನ್ನೆಲ್ಲ ಮುಗಿಸಿ ಕೊನೆಗೆ ಅದನ್ನು ಬರೆದೆ. ತಡೆಹಿಡಿದಿದ್ದ ಬ್ಯಾಚುಗಳೆಲ್ಲ ನೂರೈವತ್ತರ ಗೆರೆ ದಾಟಿ ಹೊರಗೆ ಹೋದವು. ತಿದ್ದಿದ ಬ್ಯಾಚುಗಳಲ್ಲಿ ಮ್ಯಾನೇಜರ್ ತಾನೇ ಆರಿಸಿದ ಮೂರರ ಸೀಸೆಗಳು ಮತ್ತೆ ಸಿಡ್ನಿಗೆ ಹೋದವು.

ಆ ಹುಡುಗಿಗೆ ನಾನೇ ಫೋನ್ ಮಾಡಿದೆ. ನಡೆದದ್ದನ್ನು ಮೊದಲಿಂದ ಹೇಳಿದೆ. "ನಿನ್ನ ಮ್ಯಾಲೆ ಅನುಮಾನಪಟ್ಟೆ. ತಪ್ಪಾತು."

"ಅಯ್ಯೋ ಬಿಡಿ ಅಕ್ಕ," ಎಂದಳು. ಆಮೇಲೆ ಹೇಳಿದಳು, "ನಿಜ ಹೇಳ್ಲಾ? ಆವತ್ತು ನೀವು ಫೋನ್ ಇಟ್ಮೇಲೆ ನಾನು ಎಲ್ಲಾ ಫಸ್ಟಿಂದ ರಿಪೀಟ್ ಮಾಡ್ದೆ. ನೀವು ತಪ್ಪಾಗಿರಲ್ಲ, ನಾನೇ ಏನೋ ಮಿಸ್ಟೇಕ್ ಮಾಡಿದೀನಿ ಅನ್ಕೊಂಡಿದ್ದೆ. ತುಂಬಾ ಅತ್ತಿದ್ದೆ."

"ಇನ್ನ ಮ್ಯಾಲೆ ನನ್ನ ಸಂಖ್ಯೆ ನಿನ್ನ ಸಂಖ್ಯೆಗೆ ಹೊಂದಲಿಲ್ಲ ಅಂದ್ರ ಮೊದಲು ನನ್ನ ಬಾಟ್ಲಿ ತೂಗು ಅನ್ನು," ಎಂದೆ. ಅವಳು ನಕ್ಕಳು, ಆದರೆ ನಾನು ನಗೆಗೆ ಹೇಳಿರಲಿಲ್ಲ.

ಮೂರು ಬ್ಯಾಚುಗಳ ಉತ್ತರ ಮುಂದಿನ ವಾರ ಬಂತು. ನಾನು ತಿದ್ದಿ ಬರೆದದ್ದು ನೂರ ಅರವತ್ತೆಂಟು, ನೂರ ಎಂಬತ್ತೆರಡು, ನೂರ ಐವತ್ತೊಂಬತ್ತು. ಅವಳದ್ದು ನೂರ ಎಪ್ಪತ್ತನಾಲ್ಕು, ನೂರ ಎಪ್ಪತ್ತೊಂಬತ್ತು, ನೂರ ಅರವತ್ತಮೂರು. ಇಷ್ಟು ಹತ್ತಿರ ಬಂದರೆ ಎರಡೂ ಒಂದೇ ಎಂದು ಯಾವ ಲ್ಯಾಬಾದರೂ ಒಪ್ಪುತ್ತದೆ.

ಮ್ಯಾನೇಜರ್ ನನ್ನ ಫೈಲಿಗೆ ಒಂದು ಪತ್ರ ಸೇರಿಸಿದ. ಪರೀಕ್ಷಿಸದೆ ಪದ್ಧತಿ ಬದಲಿಸಿದ್ದರಿಂದ ಒಂದು ಬ್ಯಾಚು ನಷ್ಟವಾಯಿತು ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಓದಿ ಸಹಿ ಮಾಡಿದೆ. ಅದೇ ಲಕೋಟೆಯಲ್ಲಿ ಇನ್ನೊಂದು ವರ್ಷದ ಕಾಂಟ್ರಾಕ್ಟ್ ಇತ್ತು. ಅದಕ್ಕೂ ಸಹಿ ಮಾಡಿದೆ.

ಆ ಮಧ್ಯಾಹ್ನ ಹಿರಿಯಾಕೆ ಮತ್ತು ನಾನು ಗೋಡೆಯ ಹಾಳೆಯನ್ನು ಇಳಿಸಿ ಹೊಸದನ್ನು ಬರೆದೆವು. ಒಂಬತ್ತು ಎಂದು ನಾನು ಬರೆದೆ. ಅವರು ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಪಕ್ಕದಲ್ಲಿ, ತುಂಬುವಾಗ ಒಂಬತ್ತು ಪಾಯಿಂಟ್ ಎರಡು, ಎಂದು ಸೇರಿಸಿದರು. ಅದರ ಕೆಳಗೆ, ಪ್ರತಿ ಸಲ ತುಂಬಿದಾಗ ಮೂರು ಬಾಟಲಿ ತೂಗಬೇಕು, ಎಣಿಸುವವರೇ ಬಂದು ತೂಗಬೇಕು, ಎಂದು ಇಬ್ಬರೂ ಸೇರಿ ಬರೆದೆವು. ಆಮೇಲೆ ಅವರು ಒಂದು ಸ್ಟೂಲು ಎಳೆದು ತಕ್ಕಡಿಯ ಮುಂದಿಟ್ಟು, "ಕೂತುಕೋ, ಇವತ್ತಿನ ಮೂರು ಕಾಯುತ್ತಿವೆ," ಎಂದರು.